ಸಹಿ ಹಾಕಿದ ಶ್ರೀ ಸೆಕ್ಯುರಿಟಿಯವರಿಗೆ ಬ್ಯಾಡಗಿಯಿಂದ ಬಹಿರಂಗ ಪತ್ರ

ಮಾನ್ಯ ಸೆಕ್ಯುರಿಟಿಯವರೇ,

ನಿಮ್ಮ ಮುಖ ಕಂಡವನಲ್ಲ, ಊರೂ ಗೊತ್ತಿಲ್ಲ. ಆದರೆ ನಾನು ವಾಪಸ್ ಕಳಿಸಿದ ಮಿಕ್ಸರ್‌ನ ಟ್ರ್ಯಾಕಿಂಗ್ ಪುಟದಲ್ಲಿ ‘Delivered. Received by: SECURITY’ ಎಂದು ನಿಮ್ಮ ಹೆಸರು ಹಸಿರು ಅಕ್ಷರದಲ್ಲಿ ಬೆಳಗುತ್ತಿದೆ. ಮಾರಿದವರು ‘ನಮಗೇನೂ ಬಂದಿಲ್ಲ’ ಅನ್ನುತ್ತಾರೆ. ಕೊರಿಯರ್‌ನವರು ‘ಮುಟ್ಟಿಸಿದ್ದೇವೆ, ಅವರನ್ನೇ ಕೇಳಿ’ ಅನ್ನುತ್ತಾರೆ. ಹೀಗಾಗಿ ಆ ಮಿಕ್ಸರನ್ನು ಕೊನೆಯದಾಗಿ ಕಂಡ ಪುಣ್ಯವಂತರು ನೀವೊಬ್ಬರೇ. ನನ್ನ 2,899 ರೂಪಾಯಿ ನಿಮ್ಮ ಸಹಿಯಡಿ ಸಿಕ್ಕಿಕೊಂಡಿದೆ.

ನಿಮ್ಮ ಮೇಲೆ ಸಿಟ್ಟಿಲ್ಲ. ರಾಣೆಬೆನ್ನೂರಿನಲ್ಲಿ ಪಾರ್ಸೆಲ್ ಹಂಚುವ ನಮ್ಮ ಅಳಿಯ ಒಳಗುಟ್ಟು ಹೇಳಿದ್ದಾನೆ. ವಾಪಸ್ ಮಾಲು ಬಿಡಿಬಿಡಿಯಾಗಿ ಹೋಗುವುದಿಲ್ಲ, ಚೀಲಗಟ್ಟಲೆ ಹೋಗುತ್ತದೆ. ಗೋದಾಮಿನ ಗೇಟಿನಲ್ಲಿ 40 ಪಾರ್ಸೆಲ್‌ಗಳ ಪಟ್ಟಿ ಚಾಚುತ್ತಾರೆ, ನೀವು ಕೆಳಗೊಂದು ಸಹಿ ಎಳೆಯುತ್ತೀರಿ, 40ಕ್ಕೆ 40ಕ್ಕೂ ಒಂದೇ ಏಟಿಗೆ ‘ಡೆಲಿವರ್ಡ್’ ಬೀಳುತ್ತದೆ. ಚೀಲ ಬಿಚ್ಚಿ ಒಂದೊಂದನ್ನೇ ಸ್ಕ್ಯಾನ್ ಮಾಡುವುದು ಒಳಗಿನವರು, ಅದೂ ಪುರಸೊತ್ತಾದಾಗ. ರಿಫಂಡ್ ಕಾಯುವುದು ಆ ಎರಡನೇ ಸ್ಕ್ಯಾನಿಗೆ. ಚೀಲದಲ್ಲಿ 39 ಮಾತ್ರ ಇದ್ದರೆ? ನೀವೂ ಸತ್ಯವಂತರು, ಅವರೂ ಸತ್ಯವಂತರು. ಸುಳ್ಳ ನಾನೊಬ್ಬನೇ.

ನಮ್ಮ ಮೆಣಸಿನಕಾಯಿ ಮಾರುಕಟ್ಟೆಗೆ ಒಮ್ಮೆ ಬನ್ನಿ. ಸೀಸನ್‌ನಲ್ಲಿ ಒಂದೇ ದಿನ ಲಕ್ಷ ದಾಟಿ ಚೀಲ ಬಂದರೂ ಪ್ರತಿ ರೈತನ ಮಾಲಿಗೂ ಲಾಟ್ ನಂಬರ್ ಬೀಳುತ್ತದೆ, ತೂಕವಾಗುತ್ತದೆ. ಒಂದು ಚೀಲ ಕಮ್ಮಿಯಾದರೆ ದಲಾಲರ ಅಂಗಡಿ ಮುಂದೆ ಗದ್ದಲವೇ! ನನ್ನ ಪೆಟ್ಟಿಗೆ ಇಲ್ಲಿಂದ ಹೊರಟಾಗ 4.2 ಕಿಲೋ ಎಂದು ಪಿಕಪ್ ಚೀಟಿಯಲ್ಲಿದೆ. ನಿಮ್ಮ ಗೇಟಿನಲ್ಲಿ ಎಷ್ಟು ತೂಗಿತು?

ಸಹಿ ಮಾಡಿದ ಪಟ್ಟಿ, ಅದರ ಮೇಲಿನ ಸೀಲು, ಇಳಿಸಿದ ವಿಳಾಸ, ಹೊತ್ತು, ತೂಕ – ಡೆಲಿವರಿಗೆ ಪುರಾವೆ ಅಂದರೆ ಇವು. ಕೇಳಿದ್ದಕ್ಕೆ ಕಸ್ಟಮರ್ ಕೇರ್‌ನವರು ನಾನೇ ಕಳಿಸಿದ್ದ ಸ್ಕ್ರೀನ್‌ಶಾಟನ್ನು ನನಗೇ ಭಕ್ತಿಯಿಂದ ಕಳಿಸಿಕೊಟ್ಟರು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ತಿಂಗಳೊಳಗೆ ಬಗೆಹರಿಸಬೇಕು. ಮೊದಲನೆಯದನ್ನು ಅವರು ಚಾಚೂ ತಪ್ಪದೆ ಪಾಲಿಸಿದರು. ಎರಡನೆಯದಕ್ಕೆ ಬದಲಾಗಿ ‘ನಿಮ್ಮ ಟಿಕೆಟ್ ಮುಚ್ಚಲಾಗಿದೆ, ಐದು ನಕ್ಷತ್ರ ಕೊಡಿ’ ಎಂದರು.

ಇನ್ನು ಹಾವೇರಿಯ ಜಿಲ್ಲಾ ಗ್ರಾಹಕರ ಆಯೋಗವೇ ಗತಿ. ಗ್ರಾಹಕ ಇರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷದವರೆಗಾದರೆ ಶುಲ್ಕವೂ ಇಲ್ಲ. ಮಾರಿದವರು, ಆ್ಯಪ್‌ನವರು, ಅವರೇ ಕಳಿಸಿದ ಕೊರಿಯರ್‌ನವರು, ಮೂವರನ್ನೂ ಒಂದೇ ಅರ್ಜಿಯಲ್ಲಿ ಎದುರುದಾರರನ್ನಾಗಿ ಮಾಡುತ್ತಿದ್ದೇನೆ. ಪಾರ್ಸೆಲ್ ಎಲ್ಲಿದೆ ಎಂಬುದನ್ನು ನನ್ನ ಬದಲು ತಮ್ಮತಮ್ಮಲ್ಲೇ ಕೇಳಿಕೊಳ್ಳಲಿ.

ನೋಟಿಸ್ ನಿಮ್ಮ ಗೇಟಿಗೇ ಬರುತ್ತದೆ. ಸಹಿ ಹಾಕುವವರೂ ನೀವೇ ಇರಬೇಕು. ದಯವಿಟ್ಟು ಅದನ್ನಾದರೂ ಒಳಗೆ ಮುಟ್ಟಿಸಿ.

ಇಂತಿ ನಿಮ್ಮ,
ಮಿಕ್ಸರೂ ಇಲ್ಲದ, ರೊಕ್ಕವೂ ಇಲ್ಲದ ಬ್ಯಾಡಗಿಯವ