ಟಗರಿಗೆ ಅರಬ್ಬಿ ಕೊಂಬು

ಗೋಡೆ ಮೇಲಿನ ಸಿನಿಮಾ ಹೆಸರಿಗೆ ಅರ್ಥ ಇರಲೇಬೇಕೆಂದು ಬಳ್ಳಾರಿಯವರು ಎಂದೂ ಹಟ ಹಿಡಿದವರಲ್ಲ. ತೆಲುಗು ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದು ಅಂಟಿಸಿದರೂ ಓದುತ್ತೇವೆ, ಬಾಯಿಗೆ ಹತ್ತಿದರೆ ಟಿಕೆಟ್ ತಗೊಳ್ಳುತ್ತೇವೆ. ಆದ್ದರಿಂದ ಸಿರುಗುಪ್ಪದ ಕಡೆಯ ನಮ್ಮ ಹುಡುಗನೊಬ್ಬ ಮಸ್ಕತ್ತಿನಿಂದ ಫೋನ್ ಮಾಡಿ, "ಮಾವ, ಇಲ್ಲಿ ನಾವು ಹುಡುಗರು ಸೇರಿ 'ಟಗರು' ಹಾಕಿಸ್ತಿದೀವಿ. ಆಫೀಸಿನ ಅರಬರನ್ನೂ ಕರೀಬೇಕು. ಒಂದು ಪೋಸ್ಟರ್ ಅರಬ್ಬಿಯಲ್ಲಿ ಮಾಡಿಸಿ ಕಳಿಸ್ತೀರಾ?" ಎಂದಾಗ ನನಗೆ ಇದೊಂದು ಕೆಲಸವೆಂದೇ ಅನಿಸಲಿಲ್ಲ. ಮೂರೇ ಅಕ್ಷರ. ಟ, ಗ, ರು.

ಕೌಲ್ ಬಜಾರಿನ ನನ್ನ ಪೇಂಟರ್ ಗೆಳೆಯ ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಕುಂಚದಲ್ಲಿ ಬರೆದವನು. ಈಗ ಕುಂಚ ಹೋಗಿ ಫ್ಲೆಕ್ಸ್ ಬಂದಿದೆ, ಆದರೂ ಅಕ್ಷರದ ಪಂಚಾಯಿತಿ ಅವನ ಅಂಗಡಿಯಲ್ಲೇ ಕೂಡುತ್ತದೆ. ಅವನು ಉರ್ದುವಿನಲ್ಲಿ ಒಂದೇ ಏಟಿಗೆ 'ಟಗರು' ಗೀಚಿ ತೋರಿಸಿದ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಹಜ್ರತ್, ಮದರಸದಲ್ಲಿ ಅರಬ್ಬಿ ಕಲಿಸುವವರು, ನೋಡಿ ತಲೆಯಲ್ಲಾಡಿಸಿದರು. "ನಕ್ಕೋ ಭಾಯಿ. ಇದು ಉರ್ದು. ಅರಬ್ಬಿಗೆ ನಿನ್ನ ಟ-ನೂ ಇಲ್ಲ, ಗ-ನೂ ಇಲ್ಲ."

ಉರ್ದು ಲಿಪಿ ನೋಡಲು ಅರಬ್ಬಿಯಂತೇ ಇದ್ದರೂ ಈ ನೆಲದ ಬಾಯಿಗಾಗಿ ಟ, ಡ, ಪ, ಚ, ಗ ಇವಕ್ಕೆಲ್ಲ ಬೇರೆ ಬೇರೆ ಚಿಹ್ನೆ ಹಾಕಿಕೊಂಡಿದೆ. ಅರಬ್ಬಿಗೆ ಆ ಗೊಡವೆ ಬೇಕಾಗಿರಲಿಲ್ಲ. 'ಟ' ಬದಲು 'ತ' ಇಟ್ಟು ಸುಮ್ಮನಾಗಬಹುದು, ತಗರು ಅಂದರೆ ಯಾರಿಗೂ ಕೋಪ ಬರುವುದಿಲ್ಲ. ಅಸಲು ಜಗಳ 'ಗ' ಜೊತೆಗೆ. ಈಜಿಪ್ಟಿನವರು ಜೀಮ್ ಎಂಬ ಅಕ್ಷರವನ್ನು 'ಗ' ಎಂದು ಓದುತ್ತಾರೆ. ಸುಡಾನಿನವರ ಬಾಯಲ್ಲಿ ಖಾಫ್ ಎಂಬ ಅಕ್ಷರ 'ಗ' ಆಗುತ್ತದೆ. ಪತ್ರಿಕೆಯವರು ಪರದೇಶದ ಹೆಸರು ಬರೆಯುವಾಗ ಹೆಚ್ಚಾಗಿ ಗೈನ್ ಎಂಬ ಮೂರನೆಯದನ್ನು ಹಿಡಿಯುತ್ತಾರೆ, ಅದು ಗಂಟಲು ಮುಕ್ಕಳಿಸುವಾಗ ಬರುವ ಸದ್ದು. ನಮ್ಮ ಹುಡುಗನ ಆಫೀಸಿನಲ್ಲಿ ಈಜಿಪ್ಟಿನ ಅಕೌಂಟೆಂಟ್, ಸುಡಾನಿನ ಸ್ಟೋರ್ ಕೀಪರ್, ಸಲಾಲಾದ ಡ್ರೈವರ್ ಮೂವರೂ ಇದ್ದಾರೆ. ಜೀಮ್ ಹಾಕಿದರೆ ಈಜಿಪ್ಟಿನವನಿಗೆ ತಗರು, ಸುಡಾನಿನವನಿಗೆ ತಜರು. ಖಾಫ್ ಹಾಕಿದರೆ ಸುಡಾನಿನವನಿಗೆ ತಗರು, ನಮ್ಮ ಪೇಂಟರನಿಗೆ ತಖರು. ದಖನಿಯವರು ಕಲಮನ್ನೇ ಖಲಮ್ ಮಾಡಿದವರಲ್ಲವೇ! ಸಾಲದ್ದಕ್ಕೆ ಅರಬ್ಬಿ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಬರೀ ತ, ಗ, ರ ಇಟ್ಟರೆ ತಿಗಿರ, ತುಗುರ, ಯಾರಿಗೆ ಏನು ಬೇಕೋ ಅದು. ಕೊನೆಯ 'ಉ' ಉಳಿಯಬೇಕಾದರೆ ವಾವ್ ಸೇರಿಸಬೇಕು, ಆಗ 'ರು' ಎಳೆದು 'ರೂ' ಆಗುತ್ತದೆ.

"ಸದ್ದು ಬಿಟ್ಟಾಕಿ, ಅರ್ಥ ಹಿಡೀರಿ" ಅಂದೆ. ಅದಕ್ಕೂ ಹಜ್ರತ್ ಬಳಿ ಪದ ಸಿದ್ಧವಿತ್ತು: ಕಬ್ಶ್. ಎರಡು ಕೊಂಬಿನ ಗಟ್ಟಿ ಗಂಡು. ಹಳೆಯ ಅರಬ್ಬಿಯಲ್ಲಿ ಒಂದು ಪಡೆಯ ಮುಂದಾಳನ್ನೂ ಅದರ ಕಬ್ಶ್ ಎಂದೇ ಕರೆಯುತ್ತಿದ್ದರಂತೆ. ಶಿವರಾಜ್‌ಕುಮಾರ್‌ಗೆ ಇನ್ನೇನು ಬೇಕು? ದುನಿಯಾ ಸೂರಿ 2018ರಲ್ಲಿ ಈ ಅರ್ಥ ಕೇಳಿದ್ದರೆ ಅರಬ್ಬಿಯಲ್ಲೇ ಹೆಸರಿಡುತ್ತಿದ್ದರೋ ಏನೋ. ಪೇಂಟರನಂತೂ ಕುಣಿದ. ಆ ಪದದ ಕೊನೆಯ ಅಕ್ಷರ ಶೀನ್, ಅದಕ್ಕೆ ಮೂರು ಹಲ್ಲು, ತಲೆ ಮೇಲೆ ಮೂರು ನುಕ್ತೆ. ನುಕ್ತೆ ಉಳಿಸಿಕೊಂಡು ಎರಡು ಕಡೆ ಕೊಂಬು ತಿರುಚುವುದಕ್ಕೆ ಹೇಳಿ ಮಾಡಿಸಿದ ಜಾಗ.

ಪೆನ್ಸಿಲ್ ಸ್ಕೆಚ್ಚನ್ನು ವಾಟ್ಸಾಪಿಗೆ ಹಾಕಿದ ಮೇಲೆ ಮಸ್ಕತ್ತಿನಿಂದ ಬಂದ ವರದಿ ಬೇರೆ ಇತ್ತು. ಅಕೌಂಟೆಂಟ್ ನೋಡಿ, "ಬಕ್ರೀದಿಗೆ ಮುಂಗಡ ಬುಕಿಂಗಾ? ಒಂದಕ್ಕೆ ಎಷ್ಟು?" ಎಂದು ಕೇಳಿದನಂತೆ. ಸ್ಟೋರ್ ಕೀಪರ್ ಇನ್ನೂ ಒಂದು ಹೆಜ್ಜೆ ಮುಂದೆ. ಈಗಿನ ಅರಬ್ಬಿಯಲ್ಲಿ 'ಕಬ್ಶ್ ಫಿದಾ' ಅಂದರೆ ಯಾರದೋ ತಪ್ಪಿಗೆ ತಲೆ ಕೊಡುವ ಬಡಪಾಯಿ, ನಾವು ಬಲಿಪಶು ಅನ್ನುತ್ತೇವಲ್ಲ, ಅದು. "ಪಾಪ, ಹೀರೋನ ಯಾರು ಸಿಕ್ಕಿಸಿದರು?" ಎಂದು ಅವನ ಕನಿಕರ. ನಮ್ಮ ಕಡೆ ಟಗರು ಅಂದರೆ ಜಾತ್ರೆಯ ಕಾಳಗ, ಡಿಕ್ಕಿ, ಅರಿಶಿನ ಮೆತ್ತಿದ ಕೊಂಬು. ಪ್ರಾಣಿ ಅದೇ ಇದ್ದರೂ ಅಲ್ಲಿ ಅದು ಪೋಸ್ಟರಿನಿಂದ ಇಳಿದು ನೇರ ತಟ್ಟೆಗೆ ಹೋಗುತ್ತದೆ.

ಹಾಗಂತ ಸದ್ದೇ ಸುರಕ್ಷಿತ ಅನ್ನುವ ಹಾಗೂ ಇಲ್ಲ. 'ಟಗರು' ಬೇಡ, 'ಕಾಂತಾರ' ಹಾಕೋಣ ಎಂಬ ಮಾತೂ ನಡುವೆ ಬಂತು. ಹೆಸರು ಸಲೀಸು, 'ಕಾ', 'ತಾ', 'ರಾ' ಮೂರಕ್ಕೂ ಅಲಿಫ್ ಎಳೆದು ಬರೆದರೆ ತಾಪತ್ರಯವಿಲ್ಲ. ಆದರೆ ಅಲಿಫ್ ಕೈಬಿಟ್ಟು, ಕಾಫ್ ಬದಲು ಖಾಫ್ ಇಟ್ಟು, ದಪ್ಪ 'ತ' ಹಾಕಿದರೆ ಅದು 'ಕನ್ತರ' ಆಗುತ್ತದೆ, ಅಂದರೆ ಸೇತುವೆ. ಸೂಯೆಜ್ ಕಾಲುವೆಯ ದಡದಲ್ಲಿ ಅದೇ ಹೆಸರಿನ ಊರೂ ಇದೆ. ಅಕೌಂಟೆಂಟ್ ಹೆಸರನ್ನು ಬರೀ ಬಾಯಿಮಾತಿನಲ್ಲಿ ಕೇಳಿದಾಗಲೇ, "ನಮ್ಮ ಕಾಲುವೆ ಮೇಲೆ ನೀವ್ಯಾಕೆ ಸಿನಿಮಾ ಮಾಡಿದ್ರಿ?" ಎಂದು ಹುಬ್ಬೇರಿಸಿದನಂತೆ. ಅಡಿಬರಹದ 'ಒಂದು ದಂತಕಥೆ'ಗೆ ಮಾತ್ರ 'ಉಸ್ತೂರಾ' ಎಂಬ ಪದ ಅಳತೆ ತೆಗೆದು ಹೊಲಿದಂತೆ ಕೂರುತ್ತದೆ.

ಆಗ ಹಜ್ರತ್ ಹೇಳಿದ್ದು ನನಗೆ ಸರಿ ಕಂಡಿತು. ಮೇಲೆ ದೊಡ್ಡದಾಗಿ ಸದ್ದು ಇಡಿ, ಅರ್ಥವನ್ನು ಅಡಿಬರಹಕ್ಕೆ ಇಳಿಸಿ. ಹೆಸರು ಕೂಗಲಿಕ್ಕೆ, ಅಡಿಬರಹ ಓದಲಿಕ್ಕೆ. ಬರೆದದ್ದನ್ನು ಬರೆದವನೇ ಓದಬಾರದು, ಕನ್ನಡ ಗೊತ್ತಿಲ್ಲದ ಇಬ್ಬರು ಅರಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಬೇಕು. ಇಬ್ಬರೂ ಎರಡು ತರ ಓದಿದರೆ ಅಕ್ಷರ ಬದಲಿಸಿ. ಹೀಗೆ ಗೈನ್ ಗೆದ್ದಿತು. ಅದು ಯಾರಿಗೂ ಪೂರಾ 'ಗ' ಅಲ್ಲ, ಆದರೆ ಎಲ್ಲರಿಗೂ ಒಂದೇ. ಅಡಿಬರಹಕ್ಕೆ ಬರೀ ಕಬ್ಶ್ ಬೇಡವೆಂದು 'ಡಿಕ್ಕಿ ಹೊಡೆಯುವ ಕಬ್ಶ್' ಎಂದು ಕ್ರಿಯಾಪದ ಸೇರಿಸಿದೆವು. ಡಿಕ್ಕಿ ಹೊಡೆಯುವುದನ್ನು ಯಾರೂ ತಟ್ಟೆಯಲ್ಲಿ ಊಹಿಸಿಕೊಳ್ಳುವುದಿಲ್ಲ.

ಸಲಾಲಾದ ಡ್ರೈವರ್ ಮಾತ್ರ 'ಮುಂಗಾರು ಮಳೆ' ಹಾಕಿ ಎಂದು ಹಟ ಹಿಡಿದಿದ್ದ. ಅವನ ಊರಿಗೂ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅದೇ ನೈಋತ್ಯ ಮಾರುತ ತುಂತುರು ತರುತ್ತದೆ, ಅದಕ್ಕೆ ಅವರು ಖರೀಫ್ ಅನ್ನುತ್ತಾರೆ. 'ಖರೀಫ್ ಮಳೆ' ಎಂದರೆ ಅವನಿಗೆ ಕಣ್ಣು ತುಂಬುತ್ತದೆ. ಈಜಿಪ್ಟಿನವನಿಗೆ ಖರೀಫ್ ಅಂದರೆ ಎಲೆ ಉದುರುವ ಕಾಲ. ಸಿರುಗುಪ್ಪದ ಹುಡುಗನಿಗೆ ಬೆಳೆ ವಿಮೆಯ ಅರ್ಜಿ.

ಫ್ಲೆಕ್ಸ್ ಅಂಗಡಿಯ ಕಥೆ ಚಿಕ್ಕದು. ಅಲ್ಲಿನ ಹಳೆಯ ಸಾಫ್ಟ್‌ವೇರಿಗೆ ಅರಬ್ಬಿ ಅಂಟಿಸಿದ ಕೂಡಲೇ ಅಕ್ಷರಗಳೆಲ್ಲ ಕೈಬಿಟ್ಟು ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ಸಾಲಾಗಿ ನಿಂತವು. ಅರಬ್ಬಿ ಬಾರದವರೂ ಈ ತಪ್ಪು ಹಿಡಿಯಬಹುದು: ಒಂದು ಅಕ್ಷರವೂ ಪಕ್ಕದ್ದಕ್ಕೆ ಕೂಡಿಕೊಳ್ಳದೆ ಎಲ್ಲವೂ ತುಂಡು ತುಂಡಾಗಿ ಕಂಡರೆ ಮುದ್ರಿಸಬೇಡಿ. ನಮ್ಮ ಒತ್ತಕ್ಷರವೂ ಅದೇ ಪೆಟ್ಟಿಗೆಯಲ್ಲಿ ಉರುಳಿ ಬೀಳುವುದನ್ನು ಕಂಡಿದ್ದೇವಲ್ಲ. ಪೇಂಟರ್ ಕಾಗದದ ಮೇಲೆ ಕೈಯಲ್ಲಿ ಬರೆದು, ಸ್ಕ್ಯಾನ್ ಮಾಡಿಸಿ, ಚಿತ್ರವಾಗಿ ಕೂರಿಸಿದ.

ಉಳಿದದ್ದು ಪ್ರಾಯೋಜಕರ ಸಾಲು. ಅಂದು ಒಗ್ಗರಣೆ-ಮಿರ್ಚಿ ಖರ್ಚು ಹೊತ್ತವರು ಸಿರುಗುಪ್ಪ ಗೆಳೆಯರು ಮತ್ತು ಕುರುಗೋಡಿನ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಮಗ. 'ಪ' ಇಲ್ಲದ ಕಾರಣ ಸಿರುಗುಪ್ಪ ಸಿರುಗುಬ್ಬ ಆಯಿತು, ಗೆಳೆಯರು ನಕ್ಕು ಒಪ್ಪಿದರು. ಕುರುಗೋಡಿಗೆ ಮಾತ್ರ ಸಾಲಾಗಿ ನಾಲ್ಕು ವಾವ್ ಬಿದ್ದು ಊರೇ ಕೂರೂಗೂದೂ ಎಂದು ಉದ್ದವಾಯಿತು. ಪ್ರೂಫ್ ನೋಡಿದ ವ್ಯಾಪಾರಿ ಹಜ್ರತ್‌ಗೆ ಫೋನ್ ಹಚ್ಚಿದ. "ಅಲ್ರೀ ಹಜ್ರತ್, ದುಡ್ಡು ಕೊಟ್ಟೋರು ನಾವು. ಸಿನಿಮಾ ಹೆಸರಿಗಿಂತ ನಮ್ಮೂರ ಹೆಸರು ಉದ್ದ ಐತಲ್ಲ, ಅಕ್ಷರಾನೂ ಅದಕ್ಕಿಂತ ದಪ್ಪ ಮಾಡಿಸ್ರಿ."