ಐದು ಗಂಟೆ, ಯಾರದು?

ಮ್ಯಾನೇಜರ್: ಮೀಟಿಂಗ್ 5 PM IST ಅಂತ ಬರೆದಿದ್ದೆನಲ್ಲ! ಡಬ್ಲಿನ್‌ನವರು ಯಾಕೆ ಬರಲಿಲ್ಲ?

ವೀಣಾ: ಬಂದರು ಸಾರ್, ರಾತ್ರಿ ಒಂಬತ್ತೂವರೆಗೆ. ಬೇಸಿಗೆಯಲ್ಲಿ ಅವರದೂ IST. ಐರಿಷ್ ಸ್ಟ್ಯಾಂಡರ್ಡ್ ಟೈಮ್.

ಮ್ಯಾನೇಜರ್: ನಮ್ಮ IST ಅವರಿಗೇಕೆ?

ವೀಣಾ: ಅವರೂ ಅದನ್ನೇ ಕೇಳ್ತಿದ್ದಾರೆ. ಹೀಗೆ ಬರೆಯೋಣ: ‘ಗುರುವಾರ, 4 ಜೂನ್ 2026, ಬೆಂಗಳೂರು ಸಂಜೆ 5:00, ಡಬ್ಲಿನ್ ಮಧ್ಯಾಹ್ನ 12:30, UTC 11:30.’

ಮ್ಯಾನೇಜರ್: ಪಂಚಾಂಗ ಓದಿದ ಹಾಗಿದೆ. ಪ್ರತಿ ವಾರ ಇದನ್ನೇ ಅಂಟಿಸು.

ವೀಣಾ: ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಮಾತ್ರ. ಆಮೇಲೆ ಅವರು ಗಡಿಯಾರ ಹಿಂದಕ್ಕೆ ತಿರುಗಿಸ್ತಾರೆ, ನಮ್ಮ ಐದು ಅವರಿಗೆ ಹನ್ನೊಂದೂವರೆ.

ಮ್ಯಾನೇಜರ್: ಸರಿ, ರಿಪೋರ್ಟ್ ಗಡುವಿಗೂ ಹಾಗೇ ಬರೀಬೇಕಾ?

ವೀಣಾ: ನೀವು ‘ಶುಕ್ರವಾರ ದಿನದ ಕೊನೆಗೆ’ ಅಂದಿದ್ದೀರಿ. ಅವರ ದಿನ ಮುಗಿಯೋ ಹೊತ್ತಿಗೆ ನಿಮ್ಮದು ಊಟ, ಟಿವಿ.

ಮ್ಯಾನೇಜರ್: ಹಾಗಾದ್ರೆ ಗಡುವು ಬೇಡ. ‘ಆದಷ್ಟು ಬೇಗ’ ಅಂತ ಹಾಕು!