ತಾರೀಖು ರಾಯರು

ಹೊರದೇಶದ ಗಿರಾಕಿಗಳಿರುವ ಬೆಂಗಳೂರಿನ ಕಂಪನಿಗಳಲ್ಲಿ ಮಹಡಿಗೊಬ್ಬರಂತೆ ತಾರೀಖು ರಾಯರು ಇರುತ್ತಾರೆ. ಹೆಸರು ಬೇರೆಯಿರಬಹುದು, ರೋಗ ಒಂದೇ. ಮೇಲ್ ಬಂದರೆ ಉಳಿದವರು ವಿಷಯ ಓದುತ್ತಾರೆ, ರಾಯರು ಅಂಕಿಗಳನ್ನು ಅನುಮಾನಿಸುತ್ತಾರೆ. ಅದರಲ್ಲೂ 12ರೊಳಗಿನ ಅಂಕಿಗಳೆಂದರೆ ಅವರಿಗೆ ಆಗದು.

ಮಾರ್ಚ್ ಕೊನೆಯಲ್ಲಿ ಷಿಕಾಗೋದಿಂದ ಮೇಲ್ ಬಂತು: 04/06ರೊಳಗೆ ಕೆಲಸ ಮುಗಿಸಿ ಕಳಿಸಿ. ಜೂನ್ 4 ಅಲ್ಲವೇ, ಬೇಕಾದಷ್ಟು ದಿನ ಇದೆ ಎಂದು ಹುಡುಗರು ಕಾಫಿಗೆ ಎದ್ದರು. ರಾಯರು ಮಾತ್ರ ಕುರ್ಚಿ ಬಿಡಲಿಲ್ಲ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವ ಜನ. ಅವರ ಲೆಕ್ಕದಲ್ಲಿ ಅದು ಏಪ್ರಿಲ್ 6, ಅಂದರೆ ಮುಂದಿನ ವಾರ.

“04/16 ಅಂತ ಬಂದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ ಕಣಮ್ಮಾ,” ಎಂದರು ಪಕ್ಕದ ಮೇಜಿನ ಹುಡುಗಿಗೆ. “ಹದಿನಾರನೇ ತಿಂಗಳು ಎಲ್ಲಿದೆ? ತಪ್ಪು ತಾನೇ ಕೂಗಿ ಹೇಳುತ್ತೆ. ಎರಡೂ ಕಡೆ ಸರಿಯಾಗಿ ಕಾಣುತ್ತಲ್ಲ, ಅದೇ ಕೆಟ್ಟದ್ದು. ವರ್ಷಕ್ಕೆ ಅಂಥ ದಿನ 132 ಇವೆ.”

“ಎಣಿಸಿದ್ದೀರಾ ಸರ್?”

“ಹನ್ನೆರಡು ಹನ್ನೆರಡಲ 144. ಅದರಲ್ಲಿ 1/1, 2/2 ಥರದ ಹನ್ನೆರಡು ನಿರುಪದ್ರವಿಗಳು. ಅವನ್ನ ಕಳಿ.”

ಯಾವ ತಾರೀಖು ಎಂದು ರಾಯರು ಷಿಕಾಗೋವನ್ನು ಕೇಳುವುದಿಲ್ಲ. ಕೇಳಿದರೆ ‘ಮೇಲೆ ಬರೆದದ್ದೇ’ ಎಂಬ ಉತ್ತರ ಬರುತ್ತದೆಂದು ಅವರಿಗೆ ಗೊತ್ತು. “ಸೋಮವಾರ, ಏಪ್ರಿಲ್ 6ಕ್ಕೆ ಎಂದು ತಿಳಿದುಕೊಂಡಿದ್ದೇವೆ” ಎಂದು ವಾರ ಸಮೇತ ಬರೆದು ಕಳಿಸುತ್ತಾರೆ. ವಾರವಿಲ್ಲದ ತಾರೀಖನ್ನು ನಮ್ಮ ಪಂಚಾಂಗದವರು ಎಂದಾದರೂ ಒಪ್ಪಿದ್ದಾರೆಯೇ ಎಂಬುದು ಅವರ ವಾದ. ಹಾಗಂತ ವಾರವನ್ನೂ ಪೂರ್ತಿ ನಂಬುವವರಲ್ಲ. ಮೇ 9 ಮತ್ತು ಸೆಪ್ಟೆಂಬರ್ 5 ಯಾವ ವರ್ಷ ತೆಗೆದರೂ ಒಂದೇ ವಾರ, ಜುಲೈ 11 ಮತ್ತು ನವೆಂಬರ್ 7 ಕೂಡ ಹಾಗೆಯೇ. ಆದ್ದರಿಂದ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಬೇಕು ಎಂದು ಹಟ.

ಅವರ ನಿಜವಾದ ಪ್ರತಿಭೆ ಕಾಣಬೇಕಾದರೆ ಎಕ್ಸೆಲ್ ತೆರೆದಿರುವಾಗ ನೋಡಬೇಕು. ಇಲ್ಲಿಂದ ಒಂದು ಸಿಎಸ್‌ವಿ ಕಡತದಲ್ಲಿ ಜುಲೈ ತಿಂಗಳ ಪಟ್ಟಿ ಹೋಯಿತು: 03/07, 12/07, 19/07, 25/07, ಪ್ರತಿಯೊಂದರ ಕೊನೆಯಲ್ಲೂ ಇಸವಿ. ಷಿಕಾಗೋದ ಕಂಪ್ಯೂಟರು ಮೊದಲೆರಡನ್ನು ಮಾರ್ಚ್ 7, ಡಿಸೆಂಬರ್ 7 ಎಂದು ಹರ್ಷದಿಂದ ಸ್ವೀಕರಿಸಿತು. ಉಳಿದೆರಡು ಅದಕ್ಕೆ ತಾರೀಖೇ ಅಲ್ಲ, ಬರೀ ಅಕ್ಷರ. ಅಲ್ಲಿಂದ ಬಂದ ಪರದೆಯ ಚಿತ್ರವನ್ನು ರಾಯರು ದೂರದಿಂದಲೇ ನೋಡಿ, “ಕಾಲಮ್ಮು ಒಡೆದಿದೆ” ಎಂದರು. ತಾರೀಖೆಂದು ಒಪ್ಪಿಕೊಂಡವು ಬಲಕ್ಕೆ ಅಂಟಿದ್ದವು, ಒಪ್ಪದವು ಎಡಕ್ಕೆ. ಎಡಕ್ಕೆ ನಿಂತವನ್ನು ತಿದ್ದಿದರೆ ಸಾಕೆಂದು ಹುಡುಗರು ಹೊರಟರು. ಬಲಕ್ಕೆ ನಿಂತವೇ ಸುಳ್ಳು ಹೇಳುತ್ತಿವೆ ಎಂದು ರಾಯರು ತಡೆದರು. ಅಂದಿನಿಂದ ಅವರ ಪಟ್ಟಿಗಳಲ್ಲಿ 2026-07-03 ಎಂದು ವರ್ಷವೇ ಮುಂದೆ ನಡೆಯುತ್ತದೆ. ಐಎಸ್ಒ 8601 ಎಂಬ ಆ ಪದ್ಧತಿಯನ್ನು ಅವರು ಗೋತ್ರ ಹೇಳುವಷ್ಟು ಭಕ್ತಿಯಿಂದ ಹೇಳುತ್ತಾರೆ.

ಸಮಯದ ವಿಷಯಕ್ಕೆ ಬಂದರೆ ಅಮೆರಿಕದ ಬೇಸಿಗೆಯಲ್ಲಿ ಅವರ ರಕ್ತದೊತ್ತಡ ಏರುತ್ತದೆ. ಷಿಕಾಗೋದವರು ಜುಲೈನಲ್ಲೂ ಚಟಕ್ಕೆ ಬಿದ್ದವರಂತೆ ‘ಬೆಳಿಗ್ಗೆ 9, ಸಿಎಸ್‌ಟಿ’ ಎನ್ನುತ್ತಾರೆ. ಅಕ್ಷರಶಃ ಲೆಕ್ಕ ಹಾಕಿದರೆ ನಮಗೆ ರಾತ್ರಿ ಎಂಟೂವರೆ. ಆದರೆ ಅಲ್ಲಿ ಮಾರ್ಚ್‌ನಲ್ಲೇ ಗಡಿಯಾರ ಒಂದು ಗಂಟೆ ಮುಂದೆ ಹೋಗಿರುತ್ತದೆ, ಸಭೆ ಏಳೂವರೆಗೇ ಶುರು. ರಾಯರು ಏಳೂವರೆಗೆ ಹಾಜರಾಗಿ, ಎಂಟೂವರೆಗೆ ಬರುವವರನ್ನು ಬಾಗಿಲಲ್ಲಿ ಕನಿಕರದಿಂದ ಬರಮಾಡಿಕೊಳ್ಳುತ್ತಾರೆ.

ಮ್ಯೂನಿಕ್‌ನ ಬಿಲ್ಲಿನಲ್ಲಿ 12.500 ಯೂರೋ ಎಂದಿತ್ತು. ಲೆಕ್ಕಪತ್ರದ ಹುಡುಗ ಹನ್ನೆರಡೂವರೆ ಯೂರೋ ಎಂದು ನಮೂದಿಸಿ, ಇಷ್ಟು ಅಗ್ಗವೇ ಎಂದು ಜರ್ಮನರನ್ನು ಹೊಗಳುತ್ತಿದ್ದ. ಜರ್ಮನರಿಗೆ ಸಾವಿರಕ್ಕೆ ಚುಕ್ಕೆ, ದಶಾಂಶಕ್ಕೆ ಅಲ್ಪವಿರಾಮ. ರಾಯರು ಮೂರು ಸೊನ್ನೆಯ ಬೆಲೆ ತಿಳಿಸಿದ ಮೇಲೆ ಹೊಗಳಿಕೆ ನಿಂತಿತು.

ಇಷ್ಟೆಲ್ಲ ಜಾಗ್ರತೆಯ ರಾಯರು ಹುಟ್ಟಿದ್ದು ಆಗಸ್ಟ್ 8ರಂದು. ಹೇಗೆ ಬರೆದರೂ 08/08, ಯಾವ ದೇಶದವನೂ ಕೆಡಿಸಲಾರ ಎಂದು ಅವರಿಗೆ ಹೆಮ್ಮೆ. ಆದರೆ ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಊರಿನ ಮಕ್ಕಳಿಗೆಲ್ಲ ಬರೆದಂತೆ ಇವರಿಗೂ ಜೂನ್ 1 ಎಂದು ಬರೆದುಬಿಟ್ಟಿದ್ದರು. ಆ 01/06 ಅಂಕಪಟ್ಟಿಯಿಂದ ಕಂಪನಿಗೆ, ಕಂಪನಿಯಿಂದ ಷಿಕಾಗೋಗೆ ಹೋಗಿದೆ. ಪ್ರತಿ ಜನವರಿ 6ರಂದು ಅಲ್ಲಿಂದ ಹುಟ್ಟುಹಬ್ಬದ ಶುಭಾಶಯ ಬರುತ್ತದೆ. ಎರಡು ತಪ್ಪುಗಳಲ್ಲಿ ಯಾವುದನ್ನು ಮೊದಲು ತಿದ್ದಬೇಕೆಂದು ತೀರ್ಮಾನವಾಗದೆ, ರಾಯರು ತಿಂಗಳನ್ನು ಅಕ್ಷರದಲ್ಲಿ ಬರೆದು ಧನ್ಯವಾದ ಕಳಿಸುತ್ತಾರೆ.